ಹಳೆ ವಾಟರ್ ಫಿಲ್ಟರ್ ಮಾರುವ ಜಾಹೀರಾತು ಬರೆಯುವುದು ಹೇಗೆ: ಕರಾವಳಿಯ ನೀರಿಗೆ ತಕ್ಕ ಹಾಗೆ, ಹಂತ ಹಂತವಾಗಿ

ಎರಡು ವರ್ಷದ ಹಿಂದೆ ಮಣಿಪಾಲದಲ್ಲಿ ಒಂದು ಹಳೆ ವಾಟರ್ ಪ್ಯೂರಿಫೈಯರ್ ಕೊಂಡಿದ್ದೆ. ಜಾಹೀರಾತಿನಲ್ಲಿ ಇದ್ದದ್ದು ಇಷ್ಟೇ: "ಆರ್‌ಒ ಪ್ಲಸ್ ಯುವಿ, ಗುಡ್ ಕಂಡಿಷನ್, ₹4,000, ಊರು ಬಿಡುತ್ತಿದ್ದೇವೆ." ಮನೆಗೆ ತಂದು ಫಿಟ್ ಮಾಡಿಸುವಾಗ ಫಿಟ್ಟರ್ ಉಪ್ಪಿನ ಅಂಶ ತಡೆಯುವ ಮೆಂಬ್ರೇನನ್ನು ಹೊರಗೆ ಎಳೆದು ತೋರಿಸಿದರು. ತುದಿಗೆ ಕಂದು ಬಣ್ಣದ ಲೋಳೆ ಅಂಟಿಕೊಂಡಿತ್ತು. ಮೆಂಬ್ರೇನ್, ಮೂರು ಕಾರ್ಟ್ರಿಡ್ಜ್, ಅಡಾಪ್ಟರ್ ಎಲ್ಲ ಸೇರಿ ಮತ್ತೆ ₹4,200 ಹೋಯಿತು. ಆಮೇಲೆ ನಮ್ಮ ಬಾವಿ ನೀರಿನ ಟಿಡಿಎಸ್, ಅಂದರೆ ಒಂದು ಲೀಟರಿನಲ್ಲಿ ಕರಗಿರುವ ಲವಣ ಎಷ್ಟು ಮಿಲಿಗ್ರಾಂ ಅಂತ ನೋಡಿದರೆ ಬರೀ 52. ಆ ನೀರಿಗೆ ಉಪ್ಪು ತೆಗೆಯುವ ಆರ್‌ಒ ಬೇಕೇ ಇರಲಿಲ್ಲ.

ಮಾರಿದವರು ಸುಳ್ಳು ಹೇಳಿರಲಿಲ್ಲ. ಮಷಿನ್ ಆನ್ ಆಗುತ್ತಿತ್ತು, ನೀರು ಬರುತ್ತಿತ್ತು. ಆದರೆ ನನಗೆ ತಿಳಿಯಬೇಕಾದ ಯಾವುದೂ ಅದರಲ್ಲಿ ಇರಲಿಲ್ಲ. ಈ ಏಪ್ರಿಲ್‌ನಲ್ಲಿ ಅಕ್ಕ, ಭಾವ ಸೋಮೇಶ್ವರದ ಮನೆ ಬಿಟ್ಟು ಮಣಿಪಾಲದ ಫ್ಲ್ಯಾಟಿಗೆ ಬಂದರು. ಅವರ ಆರ್‌ಒ ಮಷಿನ್ ಮಾರುವ ಕೆಲಸ ನನ್ನ ಪಾಲಿಗೆ ಬಂತು. ಆಗ ಹೇಗೆ ಪರೀಕ್ಷೆ ಮಾಡಿದೆ, ಏನು ಬರೆದೆ ಅನ್ನೋದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ನಿಮ್ಮ ಮಷಿನ್ ಬೇರೆ ಇರಬಹುದು, ದಾರಿ ಇದೇ.

ಗೋಡೆಯಿಂದ ಇಳಿಸುವ ಮೊದಲೇ ಪರೀಕ್ಷೆ ಮಾಡಿ

ಹೆಚ್ಚಿನವರು ಮನೆ ಖಾಲಿ ಮಾಡಿ, ಮಷಿನ್ ಕಳಚಿ, ಮೂಲೆಯಲ್ಲಿ ಇಟ್ಟ ಮೇಲೆ ಮಾರುವ ಯೋಚನೆ ಮಾಡುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಆರ್‌ಒ ಮೆಂಬ್ರೇನ್ ಹೇಗಿದೆ ಅಂತ ತಿಳಿಯುವುದು ಅದರ ಮೂಲಕ ನೀರು ಹರಿಯುವಾಗ ಮಾತ್ರ. ಅದೂ ಸ್ವಲ್ಪ ಉಪ್ಪಿನ ಅಂಶ ಇರುವ ನೀರಾದರೆ ಚೆನ್ನಾಗಿ ತಿಳಿಯುತ್ತದೆ. 50 ಟಿಡಿಎಸ್‌ನ ನೀರು ಹಾಕಿ 8 ಬಂತು ಅಂದರೆ ಮೀಟರಿನ ಸಣ್ಣ ತಪ್ಪೇ ಲೆಕ್ಕ ಕೆಡಿಸಬಹುದು.

ಮೊದಲು ಮುಚ್ಚಳ ತೆಗೆಯಿರಿ, ಪ್ಲಗ್ ಎಳೆದ ಮೇಲೆ. ಮುಂದೆ ಅಂಟಿಸಿದ ಸ್ಟಿಕ್ಕರಿನಲ್ಲಿ ಏಳೆಂಟು ಹಂತದ ಶುದ್ಧೀಕರಣ ಅಂತ ಇರುತ್ತದೆ. ಅದನ್ನು ನೋಡಿ ಜಾಹೀರಾತು ಬರೆಯಬೇಡಿ, ಒಳಗೆ ನಿಜವಾಗಿ ಇರುವುದನ್ನು ಬರೆಯಿರಿ. ಸೋಮೇಶ್ವರದ ಮಷಿನ್‌ನಲ್ಲಿ ಇದ್ದದ್ದು ಹೀಗೆ: ಹೊರಗೆ ಬಿಳಿ ಕ್ಯಾಂಡಲ್ ಇರುವ ಪ್ರಿ-ಫಿಲ್ಟರ್, ಒಳಗೆ ಒಂದು ಸೆಡಿಮೆಂಟ್, ಒಂದು ಕಾರ್ಬನ್, ಪಂಪ್, 80 ಜಿಪಿಡಿ ಮೆಂಬ್ರೇನ್, ಕೊನೆಗೆ ರುಚಿ ಸರಿ ಮಾಡುವ ಇನ್ನೊಂದು ಕಾರ್ಬನ್, ಯುವಿ ದೀಪ, 8 ಲೀಟರಿನ ಟ್ಯಾಂಕ್. ಸೂಕ್ಷ್ಮ ರಂಧ್ರಗಳಲ್ಲಿ ಸೋಸುವ ಯುಎಫ್ ಫಿಲ್ಟರ್ ಇರಲಿಲ್ಲ. ಸ್ಟಿಕ್ಕರಿನಲ್ಲಿ ಮಾತ್ರ ಇತ್ತು, ಯಾವಾಗಲೋ ಸರ್ವೀಸ್ ಮಾಡುವಾಗ ಅದನ್ನು ತೆಗೆದು ಪೈಪ್ ನೇರ ಜೋಡಿಸಿದ್ದರು.

ಜಿಪಿಡಿ ಅಂದರೆ ಒಂದು ದಿನಕ್ಕೆ ಎಷ್ಟು ಗ್ಯಾಲನ್ ಅಂತ. 80 ಜಿಪಿಡಿ ಅಂದರೆ ಲೆಕ್ಕದಲ್ಲಿ ಗಂಟೆಗೆ ಸುಮಾರು 12.6 ಲೀಟರ್. ಮನೆಯಲ್ಲಿ ಅಷ್ಟು ಬರುವುದು ಅಪರೂಪ, 9-10 ಲೀಟರ್ ಬಂದರೆ ಸರಿ.

ಕಾರ್ಟ್ರಿಡ್ಜ್‌ಗಳು ಎಂಥವು ಅಂತಲೂ ಇಲ್ಲೇ ನೋಡಿಕೊಳ್ಳಿ. ಎರಡು ತುದಿಗೆ ಕಾಲು ಇಂಚಿನ ಪೈಪ್ ಸಿಕ್ಕಿಸುವ ಉದ್ದ ಕೊಳವೆಗಳಾದರೆ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲೂ ಸಿಗುತ್ತವೆ, ಉಡುಪಿಯಲ್ಲೂ ಸಿಗುತ್ತವೆ. ತಿರುಗಿಸಿ ಲಾಕ್ ಮಾಡುವ, ಆ ಕಂಪನಿಗೆ ಮಾತ್ರ ಹೊಂದುವ ಡಬ್ಬಿಗಳಾದರೆ ಕೊಳ್ಳುವವರು ಪ್ರತಿ ವರ್ಷ ಕಂಪನಿಯ ಬೆಲೆಯನ್ನೇ ಕೊಡಬೇಕು. ಇದನ್ನು ಜಾಹೀರಾತಿನಲ್ಲಿ ಒಂದು ಸಾಲಿನಲ್ಲಿ ಹೇಳಲೇಬೇಕು.

ಟಿಡಿಎಸ್ ಅಳೆಯುವ ಸರಿಯಾದ ರೀತಿ

ಪೆನ್ನಿನಂಥ ಟಿಡಿಎಸ್ ಮೀಟರ್ ಇದ್ದರೆ ಸಾಕು. ಆದರೆ ನಲ್ಲಿ ತಿರುಗಿಸಿ, ಲೋಟ ಹಿಡಿದು ಅಳೆದರೆ ಎರಡು ಕಡೆ ಮೋಸ ಹೋಗುತ್ತೀರಿ.

ಒಂದನೆಯದು, ನಲ್ಲಿಯಲ್ಲಿ ಬರುವುದು ಟ್ಯಾಂಕಿನ ನೀರು. ಅದು ನಿನ್ನೆಯದೂ ಆಗಿರಬಹುದು. ಅದಕ್ಕೆ ಟ್ಯಾಂಕ್ ಅರ್ಧ ಖಾಲಿ ಮಾಡಿ, ಮಷಿನ್ ಓಡಲು ಬಿಡಿ. ಟ್ಯಾಂಕಿನ ಒಳಗೆ ಬೀಳುವ ಸಣ್ಣ ಪೈಪನ್ನು ಹೊರಗೆ ಎಳೆದು ಅಲ್ಲಿಂದ ನೀರು ಹಿಡಿಯಿರಿ. ಅದೂ ಕೂಡಲೇ ಬೇಡ. ಮಷಿನ್ ನಿಂತಿದ್ದಾಗ ಮೆಂಬ್ರೇನಿನ ಉಪ್ಪಿನ ಬದಿಯಿಂದ ಸ್ವಲ್ಪ ಉಪ್ಪು ಶುದ್ಧ ನೀರಿನ ಬದಿಗೆ ಇಳಿದಿರುತ್ತದೆ. ಹಾಗಾಗಿ ಮೊದಲ ಕೆಲವು ನಿಮಿಷ ರೀಡಿಂಗ್ ಜಾಸ್ತಿಯೇ ಬರುತ್ತದೆ. ಹತ್ತು ನಿಮಿಷ ಓಡಿಸಿ, ಆಮೇಲೆ ಅಳೆಯಿರಿ.

ಎರಡನೆಯದು ಮಿಕ್ಸರ್. ಹೆಚ್ಚಿನ ಆರ್‌ಒ ಮಷಿನ್‌ಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಪುಟ್ಟ ತಿರುಪು ಇರುತ್ತದೆ. ನೀರು ತೀರಾ ಸಪ್ಪೆ ಆಗಬಾರದು ಅಂತ ಅದು ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಸೇರಿಸುತ್ತದೆ. ಇದು ತೆರೆದಿದ್ದರೆ ಒಳ್ಳೆ ಮೆಂಬ್ರೇನ್ ಕೂಡ ಕೆಟ್ಟ ಹಾಗೆ ಕಾಣುತ್ತದೆ. ತಿರುಪು ಈಗ ಎಲ್ಲಿದೆ ಅಂತ ಫೋಟೊ ತೆಗೆದಿಟ್ಟುಕೊಂಡು ಪೂರ್ತಿ ಮುಚ್ಚಿ. ಐದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ.

ಸೋಮೇಶ್ವರದಲ್ಲಿ ನಾನು ನೋಡಿದ್ದು: ಒಳಗೆ ಹೋಗುವ ನೀರು 640. ಮಿಕ್ಸರ್ ತೆರೆದಿದ್ದಾಗ ಹೊರಗೆ ಬಂದದ್ದು 118. ಆಗ ಭಾವ, "ಮೆಂಬ್ರೇನ್ ಹೋಗಿದೆ ಅಲ್ವಾ?" ಅಂದರು. ಮಿಕ್ಸರ್ ಮುಚ್ಚಿದ ಮೇಲೆ 51ಕ್ಕೆ ಇಳಿಯಿತು. 640ರಲ್ಲಿ 589 ಕಡಿಮೆಯಾಗಿದೆ, ಅಂದರೆ ನೂರಕ್ಕೆ 92 ಭಾಗ ತಡೆದಿದೆ. ಹದಿನಾಲ್ಕು ತಿಂಗಳ ಮೆಂಬ್ರೇನಿಗೆ ಇದು ಒಳ್ಳೆಯ ಲೆಕ್ಕ. 90ರ ಮೇಲಿದ್ದರೆ ನಿಶ್ಚಿಂತೆಯಿಂದ ಬರೆಯಬಹುದು. 80ರ ಹತ್ತಿರ ಬಂದರೆ ಮೆಂಬ್ರೇನ್ ಬದಲಿಸುವ ಕಾಲ ಬಂತು ಅಂತ ಬರೆಯಬೇಕು. 70ಕ್ಕೆ ಇಳಿದಿದ್ದರೆ "ಮೆಂಬ್ರೇನ್ ಇಲ್ಲ" ಅಂತಲೇ ತಿಳಿದು ಬೆಲೆ ಇಡಿ.

ಎಷ್ಟು ನೀರು ಬರುತ್ತದೆ, ಎಷ್ಟು ಹೋಗುತ್ತದೆ

ಅಡುಗೆಮನೆಯ ಅಳತೆ ಜಗ್ ಮತ್ತು ಒಂದು ಬಕೆಟ್ ತಗೊಳ್ಳಿ. ಐದು ನಿಮಿಷ ಶುದ್ಧ ನೀರು ಜಗ್ಗಿಗೆ, ವೇಸ್ಟ್ ನೀರು ಬಕೆಟಿಗೆ. ಈ ಅಳತೆಯೂ ಮಿಕ್ಸರ್ ಮುಚ್ಚಿಯೇ ಆಗಬೇಕು. ನಮಗೆ ಸಿಕ್ಕಿದ್ದು 800 ಮಿಲಿಲೀಟರ್ ಮತ್ತು 2.3 ಲೀಟರ್. ಅಂದರೆ ಗಂಟೆಗೆ 9.6 ಲೀಟರ್ ಶುದ್ಧ ನೀರು, ಪ್ರತಿ ಲೀಟರಿಗೆ ಸುಮಾರು ಮೂರು ಲೀಟರ್ ವೇಸ್ಟ್.

ಈ ಎರಡು ಅಂಕಿಯಿಂದ ತುಂಬಾ ತಿಳಿಯುತ್ತದೆ. ವೇಸ್ಟ್ ಎಂದಿನ ಹಾಗೆ ಬಂದು ಶುದ್ಧ ನೀರು ಮಾತ್ರ ಸಣ್ಣ ದಾರದಂತೆ ಬಂದರೆ ಮೆಂಬ್ರೇನ್ ಕಟ್ಟಿಕೊಂಡಿದೆ. ಎರಡೂ ಕಡಿಮೆಯಾದರೆ ಮೊದಲು ಹೊರಗಿನ ಕ್ಯಾಂಡಲ್, ಸೆಡಿಮೆಂಟ್ ನೋಡಿ. ನಮ್ಮ ಕೆಂಪು ಮಣ್ಣಿನ ನೀರಿಗೆ ಮಳೆಗಾಲದಲ್ಲಿ ಅವು ಬೇಗ ತುಂಬುತ್ತವೆ. ಅವು ಸರಿ ಇದ್ದರೆ ಪಂಪ್ ಸೋತಿರಬಹುದು. ವೇಸ್ಟ್ ಮಾತ್ರ ವಿಪರೀತ ಹರಿದು ಶುದ್ಧ ನೀರು ಕಡಿಮೆಯಾದರೆ ವೇಸ್ಟ್ ಪೈಪಿನ ಮೇಲಿರುವ ಫ್ಲೋ ರಿಸ್ಟ್ರಿಕ್ಟರ್ ಹಾಳಾಗಿದೆ. ಅದು ಕಡಿಮೆ ಬೆಲೆಯ ಬಿಡಿಭಾಗ, ಮಾರುವ ಮೊದಲೇ ಹಾಕಿಸಿಬಿಡಿ. ಕೊನೆಗೆ ಸ್ವಿಚ್ ಆಫ್ ಮಾಡಿ ಎರಡು ನಿಮಿಷ ಕಾಯಿರಿ. ಆಮೇಲೂ ವೇಸ್ಟ್ ಪೈಪಿನಲ್ಲಿ ನೀರು ಹರಿಯುತ್ತಲೇ ಇದ್ದರೆ ಒಳಗೆ ಬರುವ ನೀರನ್ನು ತಡೆಯುವ ಸೊಲೆನಾಯ್ಡ್ ವಾಲ್ವ್ ಮುಚ್ಚುತ್ತಿಲ್ಲ ಅಂತ ಅರ್ಥ. ಕೊಳ್ಳುವವರ ಮನೆಯ ಮೇಲಿನ ಟ್ಯಾಂಕ್ ರಾತ್ರಿಯಿಡೀ ಖಾಲಿಯಾಗುತ್ತದೆ.

ಕಡಲ ಬದಿಯ ಮನೆಯಲ್ಲಿ ಇದ್ದ ಮಷಿನ್ ಆದರೆ ಅಡಾಪ್ಟರ್ ಮತ್ತು ಪಂಪಿನ ತಂತಿ ಸೇರುವ ಜಾಗವನ್ನೂ ನೋಡಿ. ಉಪ್ಪು ಗಾಳಿಗೆ ಅಲ್ಲಿ ಹಸಿರು ಕಿಲುಬು ಬಂದಿರುತ್ತದೆ. ನಮ್ಮದರಲ್ಲಿ ಪಂಪಿನ ಒಂದು ತಂತಿಯ ತುದಿ ಹಾಗೆ ಆಗಿತ್ತು. ಫಿಟ್ಟರ್ ಕತ್ತರಿಸಿ ಹೊಸದಾಗಿ ಜೋಡಿಸಿದರು.

ಯುವಿ ದೀಪ ಉರಿದರೆ ಸಾಲದು

ನೀಲಿ ಬೆಳಕು ಕಾಣುತ್ತದೆ ಅಂದ ಮಾತ್ರಕ್ಕೆ ಯುವಿ ಕೆಲಸ ಮಾಡುತ್ತಿದೆ ಅಂತ ಹೇಳಲಾಗದು. ರೋಗಾಣು ಕೊಲ್ಲುವ ಕಿರಣ ಕಣ್ಣಿಗೆ ಕಾಣುವುದಿಲ್ಲ, ದೀಪ ಹಳೆಯದಾದ ಹಾಗೆ ಅದು ತಗ್ಗುತ್ತದೆ, ನೀಲಿ ಬೆಳಕು ಹಾಗೇ ಇರುತ್ತದೆ. ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ದೀಪವನ್ನು ನೇರ ನೋಡಬೇಡಿ, ಕಣ್ಣಿಗೆ ಕೆಟ್ಟದ್ದು.

ನಮ್ಮ ಕಡೆ ಇನ್ನೊಂದು ತೊಂದರೆ ಉಂಟು. ಮುರಕಲ್ಲಿನ ಬಾವಿ, ಬೋರ್‌ವೆಲ್ ನೀರಿನಲ್ಲಿ ಎಷ್ಟೋ ಕಡೆ ಕಬ್ಬಿಣ ಇರುತ್ತದೆ. ಅದು ದೀಪದ ಸುತ್ತಲಿನ ಗಾಜಿನ ಕೊಳವೆಗೆ ಕಂದು ಪದರವಾಗಿ ಕೂರುತ್ತದೆ. ಆಗ ಹೊಸ ದೀಪ ಹಾಕಿದರೂ ಕಿರಣ ನೀರಿಗೆ ತಲುಪುವುದಿಲ್ಲ. ಪ್ಲಗ್ ತೆಗೆದು, ಗಾಜಿನ ಕೊಳವೆ ಬಿಚ್ಚುವ ಮಾದರಿಯಾದರೆ ಬಿಚ್ಚಿಸಿ ನೋಡಿ. ಯುವಿ ಮಾತ್ರ ಇರುವ ಮಷಿನ್ ಮಾರುವವರಿಗೆ ಇದು ಇನ್ನೂ ಮುಖ್ಯ. ಅದರ ಕೆಲಸವೇ ಅದೊಂದು. ಜಾಹೀರಾತಿಗೆ ಹಾಕಬೇಕಾದ ಫೋಟೊ ಮುಂಭಾಗದ್ದಲ್ಲ, ಆ ಗಾಜಿನದ್ದು.

ಯಾವ ನೀರಿಗೆ ಆಗುತ್ತದೆ ಅಂತ ಬರೆಯುವುದು

ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಬೆಂಗಳೂರಿನವರು ಬರೆದ ಜಾಹೀರಾತು ನೋಡಿ ನಾವೂ ಹಾಗೇ ಬರೆದರೆ ಆಗುವುದಿಲ್ಲ. ಅಲ್ಲಿ ಎಷ್ಟೋ ಕಡೆ ಗಡಸು ಬೋರ್‌ವೆಲ್ ನೀರು. ಇಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಮಂಗಳೂರಿಗೆ ಬರುವ ನೀರಿರಲಿ, ಸ್ವರ್ಣಾ ನದಿಯ ಬಜೆಯಿಂದ ಉಡುಪಿಗೆ ಬರುವ ನೀರಿರಲಿ, ಒಳನಾಡಿನ ಮುರಕಲ್ಲಿನ ಬಾವಿ ನೀರಿರಲಿ, ಸಾಮಾನ್ಯವಾಗಿ ಟಿಡಿಎಸ್ ಕಡಿಮೆಯೇ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ 500ರವರೆಗೆ ಒಪ್ಪಿಗೆ. ನಮ್ಮ ಬಾವಿಯಂಥ ನೀರು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಅದಕ್ಕೆ ಆರ್‌ಒ ಹಾಕಿದರೆ ಮುಕ್ಕಾಲು ಪಾಲು ನೀರು ಸುಮ್ನೆ ಚರಂಡಿಗೆ ಹೋಗುತ್ತದೆ, ಮೊದಲೇ ಸ್ವಲ್ಪ ಹುಳಿ ಗುಣದ ನೀರು ಇನ್ನೂ ಸಪ್ಪೆಯಾಗುತ್ತದೆ.

ಅಂಥ ಬಾವಿಯ ನಿಜವಾದ ಭಯ ಉಪ್ಪಲ್ಲ, ರೋಗಾಣು. ಕಕ್ಕಸು ಗುಂಡಿ ಹತ್ತಿರ ಇದ್ದರೆ ಮೊದಲ ಮಳೆಗೆ ಎಲ್ಲ ಬಾವಿಗೆ ಇಳಿಯಬಹುದು. ಟಿಡಿಎಸ್ ಮೀಟರಿಗೆ ಅದು ಕಾಣುವುದೇ ಇಲ್ಲ. 40 ಅಂತ ತೋರಿಸುವ ನೀರಿನಲ್ಲೂ ರೋಗಾಣು ತುಂಬಿರಬಹುದು. ಅಂಥ ಬಾವಿಯವರಿಗೆ ಬೇಕಾದದ್ದು ಯುವಿ, ಇಲ್ಲವೇ ಯುವಿ ಜೊತೆಗೆ ಯುಎಫ್.

ಕಡಲು, ಅಳಿವೆ ಬದಿಯ ಊರುಗಳ ಕತೆ ಬೇರೆ. ಉಳ್ಳಾಲ, ಸೋಮೇಶ್ವರ, ಹೆಜಮಾಡಿ, ಮಲ್ಪೆ ಕಡೆ ಕೆಲವು ಬಾವಿ, ಬೋರ್‌ವೆಲ್‌ಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ. ಸೋಮೇಶ್ವರದ ಅದೇ ಬೋರ್‌ವೆಲ್ ಹಿಂದಿನ ಆಗಸ್ಟ್‌ನಲ್ಲಿ 170 ತೋರಿಸಿತ್ತು, ಏಪ್ರಿಲ್‌ನಲ್ಲಿ 640. ಹಾಗಾಗಿ ಟಿಡಿಎಸ್ ಬರೆದರೆ ಪಕ್ಕದಲ್ಲಿ ತಿಂಗಳೂ ಇರಬೇಕು. ಕೊಳ್ಳುವವರಿಗೂ ಅದನ್ನೇ ಕೇಳಿ: "ನಿಮ್ಮ ನೀರಿನ ಮೇ ತಿಂಗಳ ಅಂಕಿ ಎಷ್ಟು?"

ಕಬ್ಬಿಣದ ಬಗ್ಗೆಯೂ ಕೇಳಿ. ಸಂಜೆ ಬಿಳಿ ಬಕೆಟಿನಲ್ಲಿ ತಿಳಿ ನೀರು ಹಿಡಿದಿಟ್ಟು ಬೆಳಿಗ್ಗೆ ನೋಡಲು ಹೇಳಿ. ಕೆಂಪಾಗಿ, ತಳದಲ್ಲಿ ಕಂದು ಗಸಿ ನಿಂತಿದ್ದರೆ, ಇಲ್ಲವೇ ಆ ನೀರಿನಲ್ಲಿ ಮಾಡಿದ ಕಪ್ಪು ಚಹಾ ಮಸಿಯ ಬಣ್ಣಕ್ಕೆ ತಿರುಗಿದರೆ, ನೀರು ಈ ಮಷಿನ್‌ಗೆ ಬರುವ ಮೊದಲು ಕಬ್ಬಿಣ ತೆಗೆಯುವ ಬೇರೆ ಫಿಲ್ಟರ್ ಬೇಕು. ಇಲ್ಲವಾದರೆ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ. ಮಾರಿದ ಮೂರೇ ತಿಂಗಳಿಗೆ ನಿಮಗೆ ಫೋನ್ ಬರುತ್ತದೆ.

ಮುಂದಿನ ಹನ್ನೆರಡು ತಿಂಗಳ ಖರ್ಚು

"ಎಲ್ಲ ಫಿಲ್ಟರ್ ಹೊಸದು" ಅಂತ ಬರೆಯುವ ಬದಲು ಪ್ರತಿಯೊಂದು ಯಾವಾಗ ಹಾಕಿದ್ದು, ಮತ್ತೆ ಹಾಕಲು ಎಷ್ಟು ಅಂತ ಬರೆಯಿರಿ. ಬೆಲೆ ಊಹಿಸಬೇಡಿ, ಎರಡು ಅಂಗಡಿಗೆ ಫೋನ್ ಮಾಡಿ ಕೇಳಿ. ನಾನು ಕೇಳಿದಾಗ ಸಿಕ್ಕಿದ ಬೆಲೆ: ಸೆಡಿಮೆಂಟ್ ₹250, ಮೊದಲ ಕಾರ್ಬನ್ ₹300, ಕೊನೆಯ ಕಾರ್ಬನ್ ₹350, ಯುವಿ ದೀಪ ₹350, ಫಿಟ್ಟರ್ ಕೂಲಿ ₹400. ಹೊರಗಿನ ಕ್ಯಾಂಡಲ್ ₹120, ಮೂರು ತಿಂಗಳಿಗೊಮ್ಮೆ ಅಂದರೆ ವರ್ಷಕ್ಕೆ ₹480. ಒಟ್ಟು ₹2,130. ಮೆಂಬ್ರೇನ್ ₹1,500. ಅದು ಈ ವರ್ಷ ಬೇಕಾಗಲೂಬಹುದು, ಮುಂದಿನ ವರ್ಷಕ್ಕೂ ಹೋಗಬಹುದು, ಅದಕ್ಕೆ ಬೇರೆಯೇ ಬರೆದೆ. ಕಂಪನಿಯ ವಾರ್ಷಿಕ ಕರಾರು ಕೇಳಿದರೆ ₹4,500 ಹೇಳಿದರು. ಹಳೆಯ ಕರಾರು ಹೊಸ ಮಾಲೀಕರ ಹೆಸರಿಗೆ ಹೋಗುತ್ತದೆಯೇ ಅಂತ ಕೇಳದೆ "ಕರಾರು ಉಂಟು" ಅಂತ ಬರೆಯಬೇಡಿ.

ಬೆಲೆ ಇಡಲು ಹೊಸದಾಗಿ ಕೊಟ್ಟ ₹14,500 ನೆನಪಿಟ್ಟುಕೊಂಡು ಕೂರಬಾರದು. ಅಂಗಡಿಯಲ್ಲಿ ಜೋಡಿಸಿಕೊಡುವ ಹೊಸ ಆರ್‌ಒ ನನಗೆ ಹೇಳಿದ ಬೆಲೆ ₹7,000. ನಿಮ್ಮ ಮಷಿನ್‌ನ ಬೆಲೆ, ಮೊದಲ ವರ್ಷದ ಖರ್ಚು ಎರಡೂ ಸೇರಿ ಅದಕ್ಕಿಂತ ಚೆನ್ನಾಗಿ ಕೆಳಗಿರಬೇಕು. ನಾನು ₹3,500 ಇಟ್ಟೆ. ₹2,130 ಸೇರಿಸಿದರೆ ₹5,630 ಆಗುತ್ತದೆ.

ನಾನು ಬರೆದ ಜಾಹೀರಾತು

"ನಾಲ್ಕು ವರ್ಷ ಹಳೆಯ ಆರ್‌ಒ ಮತ್ತು ಯುವಿ ಪ್ಯೂರಿಫೈಯರ್, 8 ಲೀಟರ್ ಟ್ಯಾಂಕ್, ₹3,500. ಯುಎಫ್ ಇಲ್ಲ, ಸ್ಟಿಕ್ಕರಿನಲ್ಲಿ ಮಾತ್ರ ಇದೆ. ಸೋಮೇಶ್ವರದ ಬೋರ್‌ವೆಲ್ ನೀರಿಗೆ ಬಳಸಿದ್ದು. ಏಪ್ರಿಲ್‌ನಲ್ಲಿ ಅಳೆದದ್ದು: ಒಳಗೆ 640, ಹೊರಗೆ 51, ಮಿಕ್ಸರ್ ಮುಚ್ಚಿ. ಗಂಟೆಗೆ 9.6 ಲೀಟರ್ ಬರುತ್ತದೆ, ಒಂದಕ್ಕೆ ಮೂರು ವೇಸ್ಟ್. ಕೊನೆಯ ಸರ್ವೀಸ್ ಆಗಿ 14 ತಿಂಗಳು, ಆಗ ಮೆಂಬ್ರೇನ್ ಮತ್ತು ಎಲ್ಲ ಕಾರ್ಟ್ರಿಡ್ಜ್ ಹೊಸದು ಹಾಕಿದೆ, ಬಿಲ್ ಉಂಟು. ಮೆಂಬ್ರೇನ್ ಬಿಟ್ಟು ಉಳಿದ ಕಾರ್ಟ್ರಿಡ್ಜ್, ಯುವಿ ದೀಪ ಈಗ ಬದಲಿಸಬೇಕು. ಮೊದಲ ವರ್ಷದ ಖರ್ಚು ಸುಮಾರು ₹2,130, ಮೆಂಬ್ರೇನ್ ಬೇಕಾದರೆ ಇನ್ನೂ ₹1,500. ಸಾಧಾರಣ ಕಾರ್ಟ್ರಿಡ್ಜ್, ಎಲ್ಲ ಕಡೆ ಸಿಗುತ್ತದೆ. ನಿಮ್ಮ ನೀರು ಬೇಸಿಗೆಯಲ್ಲಿ 500ರಿಂದ 1,500 ಇದ್ದರೆ ಸರಿ. ಕಾರ್ಪೊರೇಷನ್ ನೀರು, ಸಿಹಿ ಬಾವಿ ನೀರಿಗೆ ಇದು ಬೇಡ. ಕಬ್ಬಿಣದ ನೀರಾದರೆ ಮೊದಲು ಬೇರೆ ಫಿಲ್ಟರ್ ಬೇಕು. ಪಂಪಿನ ಒಂದು ತಂತಿ ದುರಸ್ತಿ ಮಾಡಿಸಿದೆ. ಗೋಡೆಯಲ್ಲಿ ಓಡುವಾಗಲೇ ಬಂದು ನೋಡಬಹುದು, ಈ ಶನಿವಾರದವರೆಗೆ."

ಜೊತೆಗೆ ಫೋಟೊಗಳು: ಒಳಭಾಗ, ಎರಡು ಮೀಟರ್ ರೀಡಿಂಗ್, ಮೆಂಬ್ರೇನಿನ ಲೇಬಲ್, ಸರ್ವೀಸ್ ಬಿಲ್. ಬಿಲ್ಲಿನ ಮೇಲಿದ್ದ ಹೆಸರು, ಫೋನ್ ನಂಬರ್ ಮುಚ್ಚಿ ಹಾಕಿದೆ.

ಮೊದಲು ಫೋನ್ ಮಾಡಿದವರು ಪರ್ಕಳದ ಒಬ್ಬರು ಅಕ್ಕ. ಅವರ ಬಾವಿ ನೀರು 48. "ನಿಮಗೆ ಇದು ಬೇಡ ಅಕ್ಕಾ, ಒಂದು ಯುವಿ ತಗೊಳ್ಳಿ" ಅಂದೆ. ಎರಡನೆಯವರು ಹೆಜಮಾಡಿಯವರು, ಬೋರ್‌ವೆಲ್ 880, ಚಹಾ ಕಪ್ಪಾಗುವುದಿಲ್ಲ ಅಂದರು. "ಹಾಗಾದರೆ ಬನ್ನಿ ಮಾರಾಯ್ರೆ, ಮೀಟರ್ ನಿಮ್ಮದೇ ತನ್ನಿ" ಅಂದೆ.

ಕೊಡುವಾಗ

ಮಷಿನ್ ಇಳಿಸಿದ ಮೇಲೆ ದಿನಗಟ್ಟಲೆ ಇಡಬೇಡಿ. ಒಮ್ಮೆ ನೀರು ಕುಡಿದ ಮೆಂಬ್ರೇನ್ ಒಣಗಿದರೆ ಮತ್ತೆ ಸರಿಯಾಗಿ ಹರಿಯದೆ ಹೋಗಬಹುದು. ಒದ್ದೆಯಾಗಿಯೇ ವಾರಗಟ್ಟಲೆ ಕೂತರೆ ಕಾರ್ಬನ್, ಮೆಂಬ್ರೇನ್, ಟ್ಯಾಂಕ್ ಎಲ್ಲದರಲ್ಲೂ ಲೋಳೆ ಬೆಳೆಯುತ್ತದೆ. ನಮ್ಮ ಸೆಕೆಗೆ ಅದು ಇನ್ನೂ ಬೇಗ. ಎರಡು ತಿಂಗಳಿಂದ ನಿಂತಿರುವ ಮಷಿನ್ ಮಾರುತ್ತಿದ್ದರೆ ಎಷ್ಟು ಕಾಲದಿಂದ ನಿಂತಿದೆ ಅಂತ ಬರೆಯಿರಿ. ಮೆಂಬ್ರೇನ್, ಕಾರ್ಟ್ರಿಡ್ಜ್ ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆ, ಬರೀ ಪಂಪ್, ಟ್ಯಾಂಕ್, ಅಡಾಪ್ಟರಿಗೆ ಬೆಲೆ ಹೇಳಿ.

ಟ್ಯಾಂಕ್ ಖಾಲಿ ಮಾಡಿ, ಒಳಗೆ ಕೈ ಹಾಕಿ ಫ್ಲೋಟಿನ ಅಡಿಯನ್ನು ಉಜ್ಜಿ. ಅಲ್ಲಿ ಜಾರುವ ಪದರ ಇರುತ್ತದೆ, ಹೊರಗಿಂದ ಕಾಣುವುದಿಲ್ಲ. ಪೈಪಿನ ಬಾಯಿಗಳನ್ನು ಮುಚ್ಚಿ, ಮೆಂಬ್ರೇನ್ ಒಳಗೆ ತೇವ ಉಳಿಯುವ ಹಾಗೆ ಮಾಡಿ. ಕಾರಿನಲ್ಲಿ ನಿಲ್ಲಿಸಿಯೇ ಸಾಗಿಸಿ. ಹೊಸ ಮನೆಯಲ್ಲಿ ಮೊದಲ ಎರಡು ಟ್ಯಾಂಕ್ ನೀರು ಪಾತ್ರೆ ತೊಳೆಯಲು ಬಳಸಿ, ಮೂರನೆಯದರಿಂದ ಕುಡಿಯಿರಿ ಅಂತ ಹೇಳಿ.

ಹೆಜಮಾಡಿಯವರು ಕಾರ್ಟ್ರಿಡ್ಜ್, ದೀಪ ಬದಲಿಸಿ, ಮರುದಿನ ಸಂಜೆ ಮೀಟರಿನ ಫೋಟೊ ಕಳಿಸಿದರು. ಒಳಗೆ 880, ಹೊರಗೆ 74. ಮಿಕ್ಸರ್ ಸ್ವಲ್ಪ ತೆರೆದು 110ಕ್ಕೆ ನಿಲ್ಲಿಸಿಕೊಂಡಿದ್ದರು. ನನ್ನ ಜಾಹೀರಾತಿನ ಪ್ರಿಂಟ್ ತೆಗೆದು, ಅದರ ಕೆಳಗೆ ಆ ದಿನದ ತಾರೀಕು, ಬದಲಿಸಿದ ಭಾಗಗಳನ್ನು ಬರೆದು ಮುಚ್ಚಳದ ಒಳಬದಿಗೆ ಅಂಟಿಸಿದ್ದಾರಂತೆ.